ಚಾರ್ಟ್ ಇಲ್ಲದ ಅಂಗಡಿ ಬರ್ಗರ್‌ದಾಗ ಎಷ್ಟ್ ಕ್ಯಾಲರಿ ಅಂತ ಹ್ಯಾಂಗ ತಿಳ್ಕೊಳ್ಳೋದು?

ಪ್ರಶ್ನೆ: ಮೇಡಮ್ ನಮಸ್ಕಾರ್ರಿ. ನಾ ಕಲಬುರಗಿಯಂವ, ವಯಸ್ಸು 26. ತೂಕ ಇಳಿಸ್ಲಕತ್ತೀನಿ, ದಿನಾ ತಿಂದದ್ದು ಆ್ಯಪ್‌ದಾಗ ಬರೀತೀನಿ. ಗೆಳೆಯರ ಜೋಡಿ ಸೂಪರ್ ಮಾರ್ಕೆಟ್ ಕಡಿ ಒಂದ್ ಅಂಗಡಿದಾಗ ವಾರಕ್ಕ ಎರಡ್ ಸಲ ವೆಜ್ ಚೀಸ್ ಬರ್ಗರ್ ಇಲ್ಲಾ ಪಿಜ್ಜಾ ತಿಂತೀವಿ. ಅಲ್ಲಿ ಕ್ಯಾಲರಿ ಚಾರ್ಟ್ ಇಲ್ಲ, ಕೇಳಿದ್ರ ಅವರಿಗೂ ಗೊತ್ತಿಲ್ಲ. ಆ್ಯಪ್‌ದಾಗ ಹುಡುಕಿದ್ರ 250 ರಿಂದ 650 ತನಕ ತೋರಿಸ್ತದ. ಯಾವ್ದು ಬರೀಲಿ?

ಉತ್ತರ:

ಸದ್ಯಕ್ಕ 600 ಅಂತ ಬರೀರಿ. ಇದು ನಿಮ್ಮ ಅಂಗಡಿ ಬರ್ಗರ್ ನೋಡ್ದೇ ಹೇಳೋ ಮಾತು, ಆದ್ರ ನಮ್ಮ ಊರಾಗ ಸಿಗೋ ಸೈಜಿನ ಚೀಸ್ ಬರ್ಗರ್‌ಗ 300 ಬರೆಯೋದಕ್ಕಿಂತ 600 ಬರೆಯೋದು ಖರೆಗೆ ಭಾಳ ಹತ್ರ. ಈ 600 ಎಲ್ಲಿಂದ ಬಂತು, ನಿಮ್ಮ ಬರ್ಗರ್‌ದ್ದು ಬೇರೆ ಇದ್ರ ನೀವೇ ಹ್ಯಾಂಗ ಹಿಡೀಬೇಕು ಅನ್ನೋದು ಮುಂದ ಹೇಳ್ತೀನಿ.

ಮೊದಲ ಚಾರ್ಟ್ ಯಾಕಿಲ್ಲ ಅಂತ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಮೆನು ಮ್ಯಾಲ ಕ್ಯಾಲರಿ ಬರೀಬೇಕಾದವರು ಸೆಂಟ್ರಲ್ ಲೈಸೆನ್ಸ್ ಇದ್ದವರು ಇಲ್ಲಾ 10 ಅಥವಾ ಅದಕ್ಕಿಂತ ಜಾಸ್ತಿ ಕಡಿ ಅಂಗಡಿ ಇಟ್ಟವರು. ಒಂದೇ ಅಂಗಡಿ ಇಟ್ಕೊಂಡ ನಮ್ಮ ಊರಿನವರಿಗೆ ಅದು ಲಾಗೂ ಆಗಲ್ಲ, ಹಿಂಗಾಗಿ ಅವರ ಮ್ಯಾಲ ಸಿಟ್ಟ್ ಮಾಡ್ಕೊಳ್ಳೋದ್ರಾಗ ಅರ್ಥ ಇಲ್ಲ. ಆದ್ರ ಅವರ ಅಡುಗಿ ಮನ್ಯಾಗ ಚಾರ್ಟ್ ಅದ, ತುಂಡ್ ತುಂಡಾಗಿ ಅದ. ಬನ್ ಪ್ಯಾಕೆಟ್ ಮ್ಯಾಲ ಒಂದ್ ತುಂಡು, ಚೀಸ್ ಸ್ಲೈಸ್ ಡಬ್ಬಿ ಮ್ಯಾಲ ಒಂದು, ಮೇಯೋನೀಸ್ ಪೌಚ್ ಮ್ಯಾಲ ಒಂದು, ಫ್ರೋಜನ್ ಟಿಕ್ಕಿ ತಂದ್ರ ಅದರ ಪ್ಯಾಕೆಟ್ ಮ್ಯಾಲ ಒಂದು. ನಾವ್ ಮಾಡೋದು ಏನಂದ್ರ ಆ ತುಂಡುಗಳನ್ನ ಜೋಡಿಸೋದು, ಅಷ್ಟೇ.

ಆ್ಯಪ್‌ದಾಗ 250 ಯಾಕ ಬರ್ತದ ಅಂದ್ರ ಯಾರೋ ಮನ್ಯಾಗ ಸಣ್ಣ ಬನ್‌ದಾಗ ಎಣ್ಣಿ ಇಲ್ದೇ ಸುಟ್ಟ ಟಿಕ್ಕಿ ಇಟ್ಟು ತಿಂದದ್ದನ್ನೂ 'ವೆಜ್ ಬರ್ಗರ್' ಅಂತಾನೇ ಹಾಕಿರ್ತಾರ. ದೊಡ್ಡ ಚೈನ್‌ದವರ ಆಲೂ ಟಿಕ್ಕಿ ಬರ್ಗರ್ 340 ಆಸುಪಾಸು ಇರ್ತದ, ಅದನ್ನ ನೋಡಿ ನಮ್ಮ ಬರ್ಗರ್‌ಗೂ ಅದೇ ಬರಿಯೋರು ಭಾಳ ಜನ, ನನ್ ಹತ್ರ ಬರೋರಾಗ ಸಹಿತ ಇದೇ ತಪ್ಪು ಎಲ್ಲಕ್ಕಿಂತ ಜಾಸ್ತಿ ನೋಡ್ತೀನಿ. ಚೈನ್‌ದವರ ಆ ಬರ್ಗರ್ ಬರೀ 145 ಗ್ರಾಂ ಹತ್ರ ತೂಗ್ತದ, ಅದರಾಗ ಚೀಸ್ ಸ್ಲೈಸ್ ಇರಲ್ಲ, ಸಾಸ್ ಅಳತಿ ಮಾಡಿ ಹಾಕಿರ್ತಾರ. ನಮ್ಮ ಕಡಿ ಅಂಗಡಿಯವರು ಗಿರಾಕಿ ಖುಷಿ ಆಗ್ಲಿ ಅಂತ ಕೈ ಬಿಚ್ಚಿ ಹಾಕ್ತಾರ, ಬನ್ ದೊಡ್ಡದು, ಬಟರ್‌ದಾಗ ಸುಡ್ತಾರ, ಮೇಯೋ ಬಾಟ್ಲಿ ಹಿಡಿದು ಮ್ಯಾಲ ಕೆಳಗ ಎರಡೂ ಕಡಿ ಹಿಂಡ್ತಾರ. ಹೆಸರು ಒಂದೇ ಇದ್ರೂ ತೂಕನೂ ಬೇರೆ, ಒಳಗಿನ ಸಾಮಾನೂ ಬೇರೆ.

ಅದಕ್ಕ ನಾ ಎಲ್ಲಾರಿಗೂ ಹೇಳೋದು, ಒಂದೇ ಒಂದ್ ಸಲ ಬರ್ಗರ್ ಪಾರ್ಸೆಲ್ ತಗೊಂಡು ಮನಿಗೆ ಬರ್ರಿ, ಬಿಚ್ಚಿ ತೂಕ ಮಾಡ್ರಿ. ಅಡುಗಿ ಮನಿ ಡಿಜಿಟಲ್ ತಕ್ಕಡಿ ಸಾಕು, ಒಂದ್ ಗ್ರಾಂ ತನಕ ತೋರಿಸೋದು ಇರ್ಬೇಕು. ತಕ್ಕಡಿ ಸರಿ ಅದನೋ ಇಲ್ಲೋ ನೋಡ್ಲಿಕ್ಕ ಹತ್ತ್ ರೂಪಾಯಿ ನಾಣ್ಯ ನಾಕು ಇಡ್ರಿ, ಒಂದೊಂದು ಏಳೂಮುಕ್ಕಾಲು ಗ್ರಾಂ ಹತ್ರ ಇರ್ತದ, ಅಂದ್ರ 31 ತೋರಿಸ್ಬೇಕು. 30 ಇಲ್ಲಾ 32 ತೋರಿಸಿದ್ರೂ ನಡೀತದ, 26 ಇಲ್ಲಾ 36 ತೋರಿಸಿದ್ರ ಆ ತಕ್ಕಡಿ ನಂಬಬ್ಯಾಡ್ರಿ.

ಈಗ ಒಂದ್ ಬರ್ಗರ್ ಲೆಕ್ಕ ಪೂರಾ ಹೇಳ್ತೀನಿ. ನನ್ ಹತ್ರ ಬರೋ ಒಬ್ಬ ಹುಡುಗ ಸೇಡಂ ರೋಡ್ ಕಡಿಂದ ವೆಜ್ ಚೀಸ್ ಬರ್ಗರ್ ಪಾರ್ಸೆಲ್ ತಂದಿದ್ದ, ನಿಮ್ಮದರ ಹಂಗೇ. ಕಾಗದ ಬಿಚ್ಚಿ ಪೂರಾ ಬರ್ಗರ್ ಇಟ್ಟಾಗ 234 ಗ್ರಾಂ. ಆಮ್ಯಾಲ ಒಂದೊಂದೇ ಪದರ ಬಿಡಿಸಿ ಬೇರೆ ಬೇರೆ ತೂಗಿದ್ವಿ.

ಬನ್ ಎರಡೂ ಭಾಗ ಸೇರಿ 72 ಗ್ರಾಂ. ಆದ್ರ ಒಳಗಿನ ಕಡಿ ಮುಟ್ಟಿದ್ರ ಬೆರಳು ಜಿಡ್ಡಾಗ್ತಿತ್ತು, ಬಣ್ಣ ಕೆಂಪಗಾಗಿ ಅಂಚು ಹೊಳಿತಿತ್ತು, ಅಂದ್ರ ತವಾ ಮ್ಯಾಲ ಬಟರ್ ಹಾಕಿ ಸುಟ್ಟಾರ. ಇಂಥಾ ಬನ್‌ದಾಗ ಬಟರ್ 5 ರಿಂದ 8 ಗ್ರಾಂ ಹಿಡೀತದ, ನಾ 6 ತಗೊಂಡೆ. ಉಳಿದ 66 ಗ್ರಾಂ ಬ್ರೆಡ್ಡು. ಮೈದಾ ಬನ್‌ಗ ಗ್ರಾಂಗ 2.7 ಕ್ಯಾಲರಿ ಅಂತ ಹಿಡಿರಿ, 66 × 2.7 ಅಂದ್ರ 178. ಬಟರ್ ಗ್ರಾಂಗ 7.2, ಅಂದ್ರ 43. ಬನ್ ಲೆಕ್ಕ 221 ಆತು. ಅಂಗಡಿಯವರು ಬಟರ್ ಅಂತ ಮಾರ್ಗರಿನ್ ಹಾಕಿದ್ರೂ ಕ್ಯಾಲರಿ ಹೆಚ್ಚು ಕಡಿಮಿ ಅಷ್ಟೇ, ಅದು ಬೇರೆ ಆರೋಗ್ಯದ ವಿಷಯ, ಇಲ್ಲಿ ಲೆಕ್ಕ ಬದಲಾಗಲ್ಲ. ಉಬ್ಬಿದ ದೊಡ್ಡ ಬನ್ ನೋಡಿ ಅಂದಾಜ್ ಮಾಡಬ್ಯಾಡ್ರಿ, ಉಬ್ಬಿದ್ದರಾಗ ಗಾಳಿ ಇರ್ತದ, ತೂಕ ಅಷ್ಟೇ ಲೆಕ್ಕಕ್ಕ ಬರ್ತದ.

ಟಿಕ್ಕಿ ಕರಿದಿದ್ದು 78 ಗ್ರಾಂ. ಆಲೂಗಡ್ಡಿ, ಬಟಾಣಿ, ಗಜ್ಜರಿ, ಹೊರಗ ಮೈದಾ ನೀರಾಗ ಅದ್ದಿ ಬ್ರೆಡ್ ಪುಡಿ ಹಚ್ಚಿದ್ದು. ಇಂಥಾ ಕರಿದ ಟಿಕ್ಕಿಗೆ ಗ್ರಾಂಗ 2.4 ಅಂತ ನಾ ಹಿಡೀತೀನಿ, ಅಂದ್ರ 187. ಇದರಾಗ ಆಲೂಗಡ್ಡಿ ಪಾಲು ಐವತ್ತರ ಒಳಗ, ಹೊರಗಿನ ಮೈದಾ ಮತ್ತ ಬ್ರೆಡ್ ಪುಡಿ ಅರವತ್ತರ ಮ್ಯಾಲ, ಎಣ್ಣಿ ಎಂಟೊಂಬತ್ತು ಗ್ರಾಂ ಕುಡಿದಿದ್ರ ಅದೇ ಎಂಬತ್ತರ ಹತ್ರ. ಅಂದ್ರ 'ತರಕಾರಿ ಟಿಕ್ಕಿ' ಅಂತ ಹೆಸರಿದ್ರೂ ಅರ್ಧಕ್ಕಿಂತ ಸ್ವಲ್ಪೇ ಕಡಿಮಿ ಕ್ಯಾಲರಿ ಎಣ್ಣಿದೇ ಇರ್ತದ.

ಚೀಸ್ ಸ್ಲೈಸ್ ಸುಲಭ. ಪ್ಲಾಸ್ಟಿಕ್ ಹಾಳಿ ಸುತ್ತಿದ ಸ್ಲೈಸ್ ಸಾಮಾನ್ಯ 20 ಗ್ರಾಂ, ಕ್ಯಾಲರಿ 62 ರ ಹತ್ರ. ಟಿಕ್ಕಿ ಮ್ಯಾಲ ಕರಗಿ ಅಂಟಿಕೊಂಡಿದ್ರ ಬಿಡಿಸಿ ತೂಗೋ ಕಷ್ಟ ಪಡಬ್ಯಾಡ್ರಿ, ಟಿಕ್ಕಿ ಜೋಡಿ ತೂಗಿ 20 ಕಳೀರಿ.

ಈರುಳ್ಳಿ, ಟೊಮೆಟೊ, ಎಲಿಕೋಸು ಸೇರಿ 30 ಗ್ರಾಂ, ಒಂಬತ್ತು ಕ್ಯಾಲರಿ. ಟೊಮೆಟೊ ಸಾಸ್ ಹತ್ತ್ ಗ್ರಾಂ, ಹನ್ನೆರಡು. ಇವೆರಡರ ಬಗ್ಗೆ ತಲಿ ಕೆಡಿಸ್ಕೊಳ್ಳೋದು ಬ್ಯಾಡ.

ಮೇಯೋನೀಸ್. ಇಲ್ಲೇ ಎಲ್ಲಾರ ಲೆಕ್ಕ ತಪ್ಪೋದು, ಅದಕ್ಕ ಸ್ವಲ್ಪ ನಿಂತು ಹೇಳ್ತೀನಿ. ಚಾಕುವಿನ ಬೆನ್ನಿಂದ ಎರಡೂ ಬನ್ ಮತ್ತ ಟಿಕ್ಕಿ ಮ್ಯಾಲಿಂದ ಕೆರೆದು ಬಟ್ಟಲಕ್ಕ ಹಾಕಿದ್ವಿ, 20 ಗ್ರಾಂ ಬಂತು. ಬನ್ ಒಳಗ ಇಳಿದದ್ದು ಕೆರೆದ್ರೂ ಬರಲ್ಲ, ಮೂರ್ ನಾಕ್ ಗ್ರಾಂ ಅಲ್ಲೇ ಉಳೀತದ, ಹಿಂಗಾಗಿ ಬನ್ನಿನ ತೂಕದಾಗ ನಾಕು ಕಡಿಮಿ ಮಾಡಿ ಮೇಯೋ 24 ಅಂತ ಹಿಡಿದ್ವಿ, ಮ್ಯಾಲ ಹೇಳಿದ 72 ಅದನ್ನ ಕಳೆದ ಮ್ಯಾಲಿನ ತೂಕ. 24 ಗ್ರಾಂ ಅಂದ್ರ ಎರಡು ಟೇಬಲ್ ಸ್ಪೂನ್‌ಗಿಂತ ಸ್ವಲ್ಪ ಕಡಿಮಿ. ಈಗ ಪ್ರಶ್ನೆ ಇದಕ್ಕ ಗ್ರಾಂಗ ಎಷ್ಟ್ ಹಚ್ಚಬೇಕು ಅನ್ನೋದು. ತತ್ತಿ ಹಾಕಿದ ಗಟ್ಟಿ ಮೇಯೋ ಗ್ರಾಂಗ ಏಳರ ತನಕ ಹೋಗ್ತದ, ಯಾಕಂದ್ರ ಅದರಾಗ ಮುಕ್ಕಾಲು ಪಾಲು ಬರೀ ಎಣ್ಣಿ. ನಮ್ಮ ಕಡಿ ಜಾಸ್ತಿ ಬಳಸೋದು ತತ್ತಿ ಇಲ್ಲದ್ದು, ಅದರಾಗ ನೀರು ಮತ್ತ ಸ್ಟಾರ್ಚ್ ಜಾಸ್ತಿ ಹಾಕಿದ್ದೂ ಸಿಗ್ತದ, ಎಣ್ಣಿ ಜಾಸ್ತಿ ಇದ್ದದ್ದೂ ಸಿಗ್ತದ, ಗ್ರಾಂಗ ಮೂರರಿಂದ ಆರೂವರಿ ತನಕ ಏನ್ ಬೇಕಾದ್ರೂ ಇರ್ಬಹುದು. 24 ಗ್ರಾಂಗ ಲೆಕ್ಕ ಹಾಕಿದ್ರ ಕೆಳಗಿನದು 72, ಮ್ಯಾಲಿನದು 156. ಒಂದೇ ಬರ್ಗರ್, ನೋಡ್ಲಿಕ್ಕ ಒಂದೇ ಬಿಳಿ ಸಾಸು, ವ್ಯತ್ಯಾಸ 84. ಒಂದ್ ಸಾಧಾರಣ ಜೋಳದ ರೊಟ್ಟಿದಾಗ 150 ಹತ್ರ ಇರ್ತದ, ಅಂದ್ರ ಅರ್ಧ ರೊಟ್ಟಿಗಿಂತ ಜಾಸ್ತಿ ಫರಕ್ ಬರೀ ಮೇಯೋ ಯಾವ್ದು ಅನ್ನೋದ್ರ ಮ್ಯಾಲ ಬಿತ್ತು. ನಮಗ ಗೊತ್ತಿಲ್ಲದ್ದಕ್ಕ ನಡುವಿನ 4.5 ತಗೊಂಡು 108 ಬರ್ಕೊಂಡ್ವಿ.

ಎಲ್ಲಾ ಕೂಡಿಸ್ರಿ: 221 + 187 + 62 + 9 + 12 + 108 = 599. ಇದೇ ನಾ ಮ್ಯಾಲ ಹೇಳಿದ 600. ಮೇಯೋ ಹಗುರದ್ದಾಗಿದ್ರ 563, ಭಾರಿದ್ದಾಗಿದ್ರ 647. ಟಿಕ್ಕಿ ಎಣ್ಣಿದಾಗ ಇನ್ನೊಂದ್ ಮೂವತ್ತು ಆ ಕಡಿ ಈ ಕಡಿ ಹಿಡಿದ್ರ 530 ರಿಂದ 680 ಅಂತ ಆಗ್ತದ. ಇದಕ್ಕಿಂತ ಸಣ್ಣ ಅಂತರದಾಗ ಮನ್ಯಾಗ ಕೂತು ಹೇಳ್ಲಿಕ್ಕ ಬರಲ್ಲ, ಲ್ಯಾಬ್‌ಗ ಕಳಿಸಿದ್ರ ಬರ್ತದ, ಆದ್ರ ನಾಳಿ ಅದೇ ಅಂಗಡಿಯಂವ ಬಾಟ್ಲಿ ಇನ್ನೊಂದ್ ಸಲ ಹಿಂಡಿದ್ರ ಆ ಲ್ಯಾಬ್ ರಿಪೋರ್ಟೂ ಉಪಯೋಗ ಇಲ್ಲ. ಹಿಂಗಾಗಿ 612 ಅಂತ ಯಾರರ ಹೇಳಿದ್ರ ಕೊನೇ ಎರಡ್ ಅಂಕಿ ನಂಬಬ್ಯಾಡ್ರಿ.

ಈ ಲೆಕ್ಕದಾಗ ಒಂದ್ ಮಾತು ಗಮನಿಸ್ರಿ. ಬನ್ ದೊಡ್ಡದು ಕಾಣ್ತದ, ಎಲ್ಲಾರೂ ಬನ್ ಬಗ್ಗೆ ಹೆದರ್ತಾರ, ಆದ್ರ ಬನ್ನಿನ ಬ್ರೆಡ್ ತೂಕ ಗೊತ್ತಾದ್ರ ಅದರ ಕ್ಯಾಲರಿ ಹತ್ತಿಪ್ಪತ್ತರ ಒಳಗ ಬರೋಬ್ಬರಿ ಸಿಗ್ತದ. ಸಿಗಲಾರದ್ದು ಎಣ್ಣಿ ಸಂಬಂಧಪಟ್ಟ ಮೂರು: ತವಾ ಬಟರ್, ಕರಿದ ಎಣ್ಣಿ, ಮೇಯೋ. ಹಿಟ್ಟಿಗೆ ಗ್ರಾಂಗ ನಾಕು ಕ್ಯಾಲರಿ, ಎಣ್ಣಿಗೆ ಒಂಬತ್ತು, ಹಿಂಗಾಗಿ ಎಣ್ಣಿ ಅಂದಾಜು ಹತ್ತ್ ಗ್ರಾಂ ತಪ್ಪಿದ್ರ 90 ತಪ್ತದ. ನಿಮ್ಮ ಗಮನ ಎಲ್ಲಾ ಅಲ್ಲೇ ಇಡ್ರಿ.

ಮೇಯೋದು ಕಂಡುಹಿಡಿಯೋದು ಕಷ್ಟ ಇಲ್ಲ. ನೀವ್ ವಾರಕ್ಕ ಎರಡ್ ಸಲ ಹೋಗೋ ಗಿರಾಕಿ, ಭೀಡ ಇಲ್ಲದ ಹೊತ್ತಿನಾಗ, ಅಂದ್ರ ಸಂಜಿ ಐದರ ಒಳಗ ಹೋಗಿ "ಅಣ್ಣಾ, ಮೇಯೋ ಪೌಚ್ ಒಮ್ಮೆ ತೋರಿಸ್ರಿ, ಫೋಟೋ ತಕ್ಕೋತೀನಿ" ಅಂದ್ರ ಯಾರೂ ಇಲ್ಲ ಅನ್ನಲ್ಲ. ಹಿಂದ 100 ಗ್ರಾಂಗ ಎಷ್ಟ್ ಅಂತ ಬರ್ದಿರ್ತದ, ಅದನ್ನ ನೂರರಿಂದ ಭಾಗಿಸಿದ್ರ ಗ್ರಾಂ ಲೆಕ್ಕ ಬಂತು. ಕೆಲವು ಪೌಚ್ ಮ್ಯಾಲ ಒಂದ್ ಸರ್ವಿಂಗ್ ಲೆಕ್ಕನೂ ಇರ್ತದ, ಅದು ಸಣ್ಣ ಅಂಕಿ, ಅದನ್ನ ನೋಡಿ 'ಅಷ್ಟೇ ಏನು' ಅನ್ಕೋಬ್ಯಾಡ್ರಿ, ಸರ್ವಿಂಗ್ ಎಷ್ಟ್ ಗ್ರಾಂ ಅಂತ ಪಕ್ಕದಾಗ ಓದ್ರಿ. ಅಂಗಡಿಯಂವ ಮೇಯೋದಾಗ ಶೇಜ್ವಾನ್ ಚಟ್ನಿ ಇಲ್ಲಾ ಕೆಂಪು ಸಾಸ್ ಕಲಿಸಿ ತಂದೂರಿ ಮೇಯೋ ಅಂತ ಮಾಡ್ತಿದ್ರ ಕ್ಯಾಲರಿ ಸ್ವಲ್ಪ ಕಡಿಮಿ ಆಗ್ತದ, ಯಾಕಂದ್ರ ಆ ಸಾಸ್ ಮೇಯೋಕ್ಕಿಂತ ಹಗುರ. ಆದ್ರ ಆ ಕಡಿಮಿ ನಂಬಿ ಎರಡ್ ಪಟ್ಟು ಹಾಕಿಸ್ಕೊಂಡ್ರ ಲೆಕ್ಕ ಮತ್ತ ಅಲ್ಲಿಗೇ ಬಂತು.

ಟಿಕ್ಕಿ ಪ್ಯಾಕೆಟ್ ಓದುವಾಗ ಒಂದ್ ಎಚ್ಚರಿಕಿ. ಫ್ರೋಜನ್ ಟಿಕ್ಕಿ ಪ್ಯಾಕೆಟ್ ಮ್ಯಾಲ ಬರ್ದದ್ದು ಸಾಮಾನ್ಯವಾಗಿ ಪ್ಯಾಕೆಟ್ ಒಳಗ ಹ್ಯಾಂಗ ಅದನೋ ಹಂಗ, ಅಂಗಡಿಯಂವ ಕರಿಯೋ ಎಣ್ಣಿ ಅದರಾಗ ಸೇರಿರಲ್ಲ. ಪ್ಯಾಕೆಟ್ ಪ್ರಕಾರ 120 ಅಂತ ಬಂದ್ರ, ಕರಿಯುವಾಗ ಕುಡಿಯೋ ಎಣ್ಣಿಗೆ ನೀವು 50 ರಿಂದ 80 ಕೂಡಿಸ್ಬೇಕು. ಎಷ್ಟ್ ಕುಡಿದದ ಅನ್ನೋದು ಎಣ್ಣಿ ಬಿಸಿ ಮ್ಯಾಲ ಭಾಳ ಅವಲಂಬನ. ಎಣ್ಣಿ ಚೆನ್ನಾಗಿ ಕಾದಿದ್ರ ಟಿಕ್ಕಿ ಹಾಕಿದ ಕೂಡ್ಲೇ ಒಳಗಿನ ನೀರು ಆವಿ ಆಗಿ ಹೊರಗ ನುಗ್ತದ, ಅದು ಎಣ್ಣಿನ ಒಳಗ ಬರ್ಲಿಕ್ಕ ಬಿಡಲ್ಲ. ಜಾಸ್ತಿ ಎಣ್ಣಿ ಒಳಗ ಹೋಗೋದು ತೆಗೆದ ಮ್ಯಾಲೆ, ತಣ್ಣಗಾಗುವಾಗ ಮ್ಯಾಲ ಹತ್ತಿದ ಎಣ್ಣಿನ ಟಿಕ್ಕಿ ಒಳಗ ಎಳ್ಕೋತದ. ಹಿಂಗಾಗಿ ಝಾರಿ ಸೌಟಿನಾಗ ಎತ್ತಿ ಜಾಡಿಸಿ ತೆಗೆದು ಜಾಳಿಗಿ ಮ್ಯಾಲ ಇಟ್ಟ ಟಿಕ್ಕಿಗೂ, ಸೀದಾ ತಾಟಿಗೆ ಗುಡ್ಡಿ ಹಾಕಿದ ಟಿಕ್ಕಿಗೂ ಫರಕ್ ಅದ.

ಇನ್ನೊಂದು, ಭೀಡ ಇರೋ ಅಂಗಡಿಗಳಾಗ ಮಧ್ಯಾಹ್ನನೇ ಅರ್ಧ ಕರಿದು ಇಟ್ಟಿರ್ತಾರ, ಆರ್ಡರ್ ಬಂದ ಮ್ಯಾಲ ಮತ್ತ ಬಿಡ್ತಾರ. ಎರಡ್ ಸಲ ಎಣ್ಣಿ ಹತ್ತಿತು ಅಂತ ತಿಳೀರಿ. ನೀವ್ ಹ್ಯಾಂಗ ಗುರ್ತ್ ಹಿಡೀತೀರಿ ಅಂದ್ರ, ಟಿಕ್ಕಿ ನಡುವ ಮುರಿದು ನೋಡ್ರಿ. ಹೊರಗಿನ ಗರಿಗರಿ ಪದರ ತೆಳ್ಳಗಿದ್ದು ಒಳಗಿನ ಆಲೂಗಡ್ಡಿ ಒಣಗಿದ ಹಂಗ ಬಿಳಿ ಇದ್ರ ಎಣ್ಣಿ ಕಡಿಮಿ, ಗ್ರಾಂಗ 2.2 ಹಿಡಿರಿ. ಪದರ ದಪ್ಪ ಆಗಿ ಕಂದು ಬಣ್ಣ ಒಳಗಿನ ತನಕ ಇಳಿದಿದ್ರ, ಒತ್ತಿದ್ರ ಎಣ್ಣಿ ಹೊರಗ ಬಂದ್ರ 2.8 ಹಿಡಿರಿ. ಟಿಶ್ಯೂ ಪೇಪರ್‌ದಾಗ ಒತ್ತಿದ್ರ ಮ್ಯಾಲಿನ ಎಣ್ಣಿ ಸ್ವಲ್ಪ ಹೋಗ್ತದ, ಮೂರ್ ಗ್ರಾಂ ಹೋದ್ರ 27 ಉಳೀತು, ಚಲೋನೇ. ಆದ್ರ ಟಿಶ್ಯೂ ಒಣಗಿ ಕಂಡ್ರ ಒಳಗ ಎಣ್ಣಿ ಇಲ್ಲ ಅಂತ ಅಲ್ಲ.

ಚಿಕನ್ ಬರ್ಗರ್ ತಿಂದ್ರ ಟಿಕ್ಕಿ ಜಾಗಾದಾಗ ಅದರ ಲೆಕ್ಕ ಹಾಕ್ರಿ, ಉಳಿದದ್ದೆಲ್ಲಾ ಹಂಗೇ. ಹಿಟ್ಟು ಹಚ್ಚಿ ಗರಿಗರಿ ಕರಿದ ಚಿಕನ್ ಗ್ರಾಂಗ 2.6, ಎಣ್ಣಿ ಜಾಸ್ತಿ ಇಲ್ದೇ ತವಾ ಮ್ಯಾಲ ಸುಟ್ಟ ಎದಿ ಮಾಂಸ 1.7. ತುಂಡು 110 ಗ್ರಾಂ ಇದ್ರ ಒಂದು 286, ಇನ್ನೊಂದು 187.

ಪ್ರತಿ ಸಲ ಬಿಚ್ಚಿ ತೂಗೋದು ಆಗ್ತದೇನ್ರಿ, ಆಗಲ್ಲ. ಅದಕ್ಕ ಒಂದ್ ಸಣ್ಣ ದಾರಿ. ನಮ್ಮ 599 ನ 234 ರಿಂದ ಭಾಗಿಸಿದ್ರ 2.56. ಚೈನ್‌ದವರದ್ದು ಚೀಸ್ ಇಲ್ಲದ್ದು 340 ನ 145 ರಿಂದ ಭಾಗಿಸಿದ್ರ 2.3. ಅಂದ್ರ ಮೇಯೋ ಚೀಸ್ ಹಾಕಿದ ಕರಿದ ಟಿಕ್ಕಿ ಬರ್ಗರ್ ಯಾವುದಿದ್ರೂ ಪೂರಾ ತೂಕಕ್ಕ 2.5 ಗುಣಿಸಿದ್ರ ಹೆಚ್ಚು ಕಡಿಮಿ ಸಿಗ್ತದ. ತಿನ್ನೋಕಿಂತ ಮುಂಚೆ ಒಮ್ಮೆ ತಕ್ಕಡಿ ಮ್ಯಾಲ ಇಟ್ರ ಆತು. ಚೀಸ್ ಇಲ್ದಿದ್ರ 2.3, ಎರಡ್ ಸ್ಲೈಸ್ ಚೀಸ್ ಮತ್ತ ಕೈತುಂಬ ಮೇಯೋ ಇದ್ರ 2.7 ಹಚ್ರಿ. ತರಕಾರಿ ಜಾಸ್ತಿ ತುಂಬಿದ ಬರ್ಗರ್‌ಗ ಈ ಲೆಕ್ಕ ಜಾಸ್ತಿ ತೋರಿಸ್ತದ, ಯಾಕಂದ್ರ ಟೊಮೆಟೊ ತೂಕ ಇರ್ತದ, ಕ್ಯಾಲರಿ ಇರಲ್ಲ. ಅಂಥಾದ್ರಾಗ ತರಕಾರಿ ತೆಗೆದಿಟ್ಟು ತೂಗಿ ಆಮ್ಯಾಲ ಮತ್ತ ಸೇರಿಸಿ ತಿನ್ರಿ.

ಇನ್ನ ಪಿಜ್ಜಾ. ಇದು ಬರ್ಗರ್‌ಗಿಂತ ಸುಲಭ, ಯಾಕಂದ್ರ ಪದರ ಕಡಿಮಿ. ಸಾಧಾರಣ ಚೀಸ್ ಇದ್ದ ಪಿಜ್ಜಾ ಗ್ರಾಂಗ 2.7, ಎಕ್ಸ್‌ಟ್ರಾ ಚೀಸ್ ಇದ್ರ 2.9. ತಪ್ಪು ಆಗೋದು 'ಒಂದ್ ಸ್ಲೈಸ್' ಅನ್ನೋ ಮಾತಿನಾಗ. 7 ಇಂಚಿಂದು ನಾಕು ತುಂಡು ಮಾಡಿದ್ದೂ ಸ್ಲೈಸೇ, 10 ಇಂಚಿಂದು ಆರು ತುಂಡು ಮಾಡಿದ್ದೂ ಸ್ಲೈಸೇ. ಇಂಚು ಏಳರಿಂದ ಹತ್ತಕ್ಕ ಹೋದ್ರ ಪಿಜ್ಜಾ ಸ್ವಲ್ಪ ದೊಡ್ಡದು ಅನಸ್ತದ, ಆದ್ರ 7 × 7 ಅಂದ್ರ 49, 10 × 10 ಅಂದ್ರ 100, ಪಿಜ್ಜಾ ಎರಡ್ ಪಟ್ಟು ಆತು. ಸಣ್ಣದ್ರ ಒಂದ್ ತುಂಡು 65 ಗ್ರಾಂ ಇದ್ರ 175 ಕ್ಯಾಲರಿ, ದೊಡ್ಡದ್ರ ತುಂಡು 90 ಗ್ರಾಂ ಇದ್ರ 243. ನಿಮ್ಮ ಅಂಗಡಿ ಸೈಜ್ ಎಷ್ಟ್ ಇಂಚು, ಎಷ್ಟ್ ತುಂಡು ಮಾಡ್ತಾರ ಅಂತ ಕೇಳ್ರಿ, ಇಲ್ಲಾ ಒಂದ್ ತುಂಡು ಪಾರ್ಸೆಲ್ ತಂದು ತೂಗ್ರಿ.

ನಮ್ಮ ಕಡಿ ಕೆಲವು ಅಂಗಡಿಗಳು ಬೇಕರಿ ರೆಡಿ ಬೇಸ್ ಬಳಸ್ತಾವ, ಅದು ದಪ್ಪ ಇರ್ತದ, ಮ್ಯಾಲ ಚೀಸ್ ತೆಳ್ಳಗ ಹಾಕಿರ್ತಾರ, ಅಲ್ಲಿ 2.5 ಸಾಕು. ಚೀಸ್ ಅಂತ ಎಣ್ಣಿಯಿಂದ ಮಾಡಿದ ಅನಲಾಗ್ ಹಾಕಿದ್ರ ಕ್ಯಾಲರಿ ಎಷ್ಟ್ ಕಡಿಮಿ ಅಂತ ಕೆಲವರು ಕೇಳ್ತಾರ, ಹೆಚ್ಚು ಕಡಿಮಿ ಚೀಸ್‌ನಷ್ಟೇ, ಪ್ರೋಟೀನ್ ಮಾತ್ರ ಕಡಿಮಿ ಸಿಗ್ತದ. ಬೇಸ್ ಒಳಗ ಪಾತಳ ಚೀಸ್ ಸಾಸ್ ತುಂಬಿದ ಪಿಜ್ಜಾಗ ಮಾತ್ರ ನನ್ನ 2.7 ನಡಿಯಲ್ಲ, ಆ ಸಾಸ್ ಪ್ಯಾಕೆಟ್ ನೋಡ್ದೇ ಅಂದಾಜ್ ಹೇಳ್ಲಿಕ್ಕ ಬರಲ್ಲ, ಜಾಸ್ತಿನೇ ಹಿಡಿದು 3.2 ಬರೀರಿ.

ಬಾಜೂಕ ಇಟ್ಟ ಸಣ್ಣ ಡಿಪ್ ಕಪ್‌ನ ಮರೀಬ್ಯಾಡ್ರಿ, 25 ಗ್ರಾಂ ಮೇಯೋ ಡಿಪ್ ಅಂದ್ರ ನೂರಕ್ಕಿಂತ ಜಾಸ್ತಿ. 300 ಎಂಎಲ್ ಕೋಲಾ 125 ರ ಹತ್ರ, ಅದರ ಬಾಟ್ಲಿ ಮ್ಯಾಲ ಬರ್ದೇ ಇರ್ತದ. ಫ್ರೆಂಚ್ ಫ್ರೈಸ್ ಗ್ರಾಂಗ ಮೂರು, ಗೆಳೆಯರ ಜೋಡಿ ಹಂಚಿ ತಿಂದ್ರ ಎಷ್ಟ್ ತಿಂದ್ವಿ ಅನ್ನೋದು ಯಾರಿಗೂ ನೆನಪಿರಲ್ಲ, ನಿಮ್ಮ ಪಾಲು ಮೊದ್ಲೇ ಬೇರೆ ತಾಟಿಗೆ ತಗೊಂಡ್ರ ಲೆಕ್ಕ ಸಿಗ್ತದ.

ಆ್ಯಪ್‌ದಾಗ ಈಗ ನೀವೇ ಒಂದ್ ಹೊಸ ಐಟಂ ಮಾಡ್ರಿ, ಅಂಗಡಿ ಹೆಸರು ಹಾಕಿ ಬರ್ಗರ್ 600, ಪಿಜ್ಜಾ ತುಂಡಿಗೆ ನಿಮ್ಮ ತೂಕದ ಲೆಕ್ಕ. ಬಿಚ್ಚಿ ತೂಗಿದ ಮ್ಯಾಲ ಬೇರೆ ಬಂದ್ರ ತಿದ್ರಿ. ಅಂಗಡಿಯಂವ ಬನ್ ತರೋ ಬೇಕರಿ ಬದಲಿಸಿದ್ರ, ಇಲ್ಲಾ ಮೇಯೋ ಪೌಚ್ ಬಣ್ಣ ಬೇರೆ ಕಂಡ್ರ ಮತ್ತೊಮ್ಮೆ ತೂಗ್ರಿ, ಇಲ್ಲಂದ್ರ ಅದೇ ಅಂಕಿ ಮುಂದುವರಿಸ್ರಿ.